ಗೊಬ್ಬರದ ಚೀಲದ ಮೂರು ಅಂಕಿ: ಶಿರಸಿ ಸೀಮೆಯ ಅಡಿಕೆ ತೋಟದವರು ಪದೇ ಪದೇ ಕೇಳುವ ಪ್ರಶ್ನೆಗಳು

ಚೀಲದ ಮೇಲೆ 10-26-26, 15-15-15 ಎಂದೆಲ್ಲ ಇರುತ್ತದಲ್ಲ, ಅದು ಏನು?

ನೂರು ಕೆಜಿ ಗೊಬ್ಬರದಲ್ಲಿ ಯಾವ ಪೋಷಕಾಂಶ ಎಷ್ಟು ಕೆಜಿ ಇದೆ ಎಂಬ ಲೆಕ್ಕ ಅದು. ಮೊದಲನೆಯದು ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಷ್. ಈ ಸಾಲು ಎಲ್ಲಿಯೂ ಅದಲು ಬದಲಾಗುವುದಿಲ್ಲ. ಹಾಗಾಗಿ 50 ಕೆಜಿಯ 10-26-26 ಚೀಲದಲ್ಲಿ 5 ಕೆಜಿ ಸಾರಜನಕ, 13 ಕೆಜಿ ರಂಜಕ, 13 ಕೆಜಿ ಪೊಟ್ಯಾಷ್ ಇರುತ್ತದೆ. ಯೂರಿಯಾ 46-0-0, ಡಿಎಪಿ 18-46-0, ಪೊಟ್ಯಾಷ್ ಗೊಬ್ಬರ 0-0-60.

2022ರ ಅಕ್ಟೋಬರಿನ ನಂತರ ಸಬ್ಸಿಡಿ ಗೊಬ್ಬರವೆಲ್ಲ ‘ಭಾರತ್’ ಹೆಸರಿನ ಒಂದೇ ಥರದ ಚೀಲದಲ್ಲಿ ಬರತೊಡಗಿತು. ಕಂಪನಿಯ ಹೆಸರು ಮೂಲೆಗೆ ಸರಿಯಿತು. ಮೊದಲು ಚೀಲದ ಚಿತ್ರ ನೋಡಿ ಗುರುತು ಹಿಡಿಯುತ್ತಿದ್ದವರಿಗೆ ಈಗ ಉಳಿದ ಗುರುತು ಅಂಕಿಯೊಂದೇ. ಸೊಸೈಟಿಗೆ ಹೋಗಿ ‘ಒಂದು ಚೀಲ ಎನ್‌ಪಿಕೆ ಕೊಡಿ’ ಎಂದರೆ 10-26-26 ಕೂಡ ಎನ್‌ಪಿಕೆಯೇ, 15-15-15 ಕೂಡ ಎನ್‌ಪಿಕೆಯೇ. ಅಂಕಿ ಹೇಳಿಯೇ ಕೇಳಬೇಕು.

10, 26, 26 ಕೂಡಿಸಿದರೆ 62 ಆಯಿತು. ಉಳಿದ 38 ಮಣ್ಣೋ, ಕಲಬೆರಕೆಯೋ?

ಎರಡೂ ಅಲ್ಲ. ಸಾರಜನಕವನ್ನು ಬಿಡಿಯಾಗಿ ಚೀಲದಲ್ಲಿ ತುಂಬಲು ಆಗುವುದಿಲ್ಲ. ಅದು ಗಾಳಿ. ಬೇರೆ ಧಾತುಗಳ ಜೊತೆ ಕಟ್ಟಿದ ಸಂಯುಕ್ತದ ರೂಪದಲ್ಲಿ ಮಾತ್ರ ಅದನ್ನು ಗೊಬ್ಬರ ಮಾಡಬಹುದು. ಅಪ್ಪಟ ಯೂರಿಯಾದಲ್ಲೇ ಸಾರಜನಕ ನೂರಕ್ಕೆ ಸುಮಾರು 46 ಭಾಗ, ಉಳಿದದ್ದು ಇಂಗಾಲ, ಆಮ್ಲಜನಕ, ಜಲಜನಕ. ಅಂದರೆ 46 ಎನ್ನುವುದು ಯೂರಿಯಾದ ಮಟ್ಟಿಗೆ ಪೂರ್ತಿ ಶುದ್ಧ ಎಂದೇ ಅರ್ಥ.

ಎರಡನೇ ಮತ್ತು ಮೂರನೇ ಅಂಕಿ ಪೂರ್ತಿ ನಿಜವಲ್ಲ ಎಂದು ಯಾರೋ ಹೇಳಿದರು. ಹೌದೇ?

ಸುಳ್ಳಲ್ಲ, ಆದರೆ ಹಳೇ ಕಾಲದ ಲೆಕ್ಕ. ರಾಸಾಯನಿಕ ಪರೀಕ್ಷೆಯ ಹಳೆಯ ಪದ್ಧತಿಯಂತೆ ರಂಜಕವನ್ನು P2O5 ಎಂದೂ ಪೊಟ್ಯಾಸಿಯಂ ಅನ್ನು K2O ಎಂದೂ ಬರೆಯುತ್ತಾರೆ. ಪೊಟ್ಯಾಷ್ ಚೀಲದಲ್ಲಿ K2O ಎಂಬ ವಸ್ತು ಒಂದು ಕಣವೂ ಇರುವುದಿಲ್ಲ, ಇರುವುದು ಪೊಟ್ಯಾಸಿಯಂ ಕ್ಲೋರೈಡ್. 60 ಎಂದು ಬರೆದ 50 ಕೆಜಿ ಚೀಲದಲ್ಲಿ K2O ಲೆಕ್ಕದಲ್ಲಿ 30 ಕೆಜಿ, ಬರೀ ಪೊಟ್ಯಾಸಿಯಂ ಲೆಕ್ಕದಲ್ಲಿ ಸುಮಾರು 25 ಕೆಜಿ.

ತೋಟದ ಕೆಲಸಕ್ಕೆ ಇದು ತಲೆನೋವಲ್ಲ, ಏಕೆಂದರೆ ಶಿಫಾರಸುಗಳೂ ಅದೇ ಹಳೆಯ ಲೆಕ್ಕದಲ್ಲೇ ಇರುತ್ತವೆ. ಮಣ್ಣು ಪರೀಕ್ಷೆಯ ವರದಿ ಓದುವಾಗ ಮಾತ್ರ ಜಾಗ್ರತೆ ಬೇಕು. ಅಲ್ಲಿ ಬರೀ P ಎಂದಿದ್ದರೆ 2.29ರಿಂದ ಗುಣಿಸಿದಾಗ P2O5 ಸಿಗುತ್ತದೆ. ಬರೀ K ಎಂದಿದ್ದರೆ 1.2ರಿಂದ ಗುಣಿಸಬೇಕು.

ಕೆಲವು ಚೀಲದಲ್ಲಿ ನಾಲ್ಕನೇ ಅಂಕಿಯೂ ಇದೆ?

20-20-0-13ರಲ್ಲಿ ಕೊನೆಯ 13 ಗಂಧಕ. ಆ ಗೊಬ್ಬರದಲ್ಲಿ ಪೊಟ್ಯಾಷ್ ಸೊನ್ನೆ ಎಂಬುದನ್ನು ಗಮನಿಸಿ. 13 ಎಂದು ಕಂಡದ್ದನ್ನು ಪೊಟ್ಯಾಷ್ ಎಂದುಕೊಂಡು ಅಡಿಕೆಗೆ ಹಾಕಿದರೆ ಮರಕ್ಕೆ ಹೆಚ್ಚು ಬೇಕಾದದ್ದೇ ಸಿಗುವುದಿಲ್ಲ.

ಸಾರಜನಕ ಮಣ್ಣಿಗೆ ಬಿದ್ದ ಮೇಲೆ ಏನಾಗುತ್ತದೆ? ಮಳೆಗಾಲದಲ್ಲಿ ಹಾಕಿದ ಯೂರಿಯಾ ಎಲ್ಲಿ ಹೋಗುತ್ತದೆ?

ಎಲೆಯ ಹಸಿರು, ಹೊಸ ಸೋಗೆ, ಮರದ ಬೆಳವಣಿಗೆ ಎಲ್ಲಕ್ಕೂ ಸಾರಜನಕ ಬೇಕು. ಆದರೆ ಮೂರರಲ್ಲಿ ಮಣ್ಣಲ್ಲಿ ನಿಲ್ಲದ್ದೂ ಅದೇ.

ಯೂರಿಯಾವನ್ನು ಬೇರು ಹೆಚ್ಚಾಗಿ ನೇರ ತೆಗೆದುಕೊಳ್ಳುವುದಿಲ್ಲ. ಬೆಚ್ಚಗಿನ ಹಸಿ ಮಣ್ಣಲ್ಲಿ ಕೆಲವೇ ದಿನಗಳಲ್ಲಿ ಅದು ಅಮೋನಿಯಂ ಆಗುತ್ತದೆ. ಈ ಹಂತದಲ್ಲಿ ಗೊಬ್ಬರ ಮಣ್ಣಿನ ಮೇಲೆಯೇ ಬಿದ್ದಿದ್ದರೆ ಒಂದಷ್ಟು ಭಾಗ ಅಮೋನಿಯಾ ಅನಿಲವಾಗಿ ಗಾಳಿಗೆ ಹೋಗುತ್ತದೆ. ಒಣ ದರಕಿನ ಮೇಲೆ ಎರಚಿ ಬಿಟ್ಟರೆ ನಷ್ಟ ಇನ್ನೂ ಹೆಚ್ಚು. ಮಣ್ಣಿನೊಳಗೆ ಸೇರಿದ ಅಮೋನಿಯಂ ಜೇಡಿ ಕಣಕ್ಕೆ ಅಂಟಿಕೊಂಡು ಸ್ವಲ್ಪ ದಿನ ನಿಲ್ಲುತ್ತದೆ. ಅಷ್ಟರಲ್ಲಿ ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ. ಯೂರಿಯಾಕ್ಕೆ ಬೇವಿನೆಣ್ಣೆ ಸವರಿರುವುದು ಈ ಕೆಲಸವನ್ನು ನಿಧಾನ ಮಾಡಲಿಕ್ಕೆ.

ನೈಟ್ರೇಟ್ ಅನ್ನು ನಮ್ಮ ಮೇಲ್ಮಣ್ಣು ಹಿಡಿದುಕೊಳ್ಳುವುದು ತೀರಾ ಕಡಿಮೆ. ನೀರು ಎಲ್ಲಿಗೆ ಹೋದರೆ ಅದೂ ಅಲ್ಲಿಗೆ. ಶಿರಸಿಯಲ್ಲಿ ವರ್ಷಕ್ಕೆ 2500 ಮಿ.ಮೀ. ಆಸುಪಾಸು ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜುಲೈಯ ಜಡಿಮಳೆಯಲ್ಲಿ ಹಾಕಿದ ಯೂರಿಯಾ ಬಸಿಗಾಲುವೆ ಹಿಡಿದು ಹಳ್ಳ ಸೇರುತ್ತದೆ. ಬಸಿಗಾಲುವೆ ಕಟ್ಟಿ ನೀರು ನಿಂತ ತೋಟದಲ್ಲಿ ಇನ್ನೊಂದು ದಾರಿ ತೆರೆಯುತ್ತದೆ: ಗಾಳಿಯಿಲ್ಲದ ಮಣ್ಣಲ್ಲಿ ಬೇರೆ ಬ್ಯಾಕ್ಟೀರಿಯಾ ನೈಟ್ರೇಟನ್ನು ಒಡೆದು ಸಾರಜನಕ ಅನಿಲವಾಗಿ ಬಿಟ್ಟುಬಿಡುತ್ತವೆ. ಅಂಥ ತೋಟಕ್ಕೆ ಗೊಬ್ಬರ ಹೆಚ್ಚಿಸುವುದಕ್ಕಿಂತ ಮೊದಲು ಕಾಲುವೆ ಬಿಡಿಸಬೇಕು.

ರಂಜಕವೂ ಹೀಗೆಯೇ ತೊಳೆದು ಹೋಗುತ್ತದೆಯೇ?

ಇಲ್ಲ, ಅದರ ತೊಂದರೆ ಉಲ್ಟಾ. ಹಾಕಿದ ಜಾಗ ಬಿಟ್ಟು ಅದು ಕದಲುವುದೇ ಇಲ್ಲ.

ಬೇರು ಬೆಳೆಯಲು, ಹೂಗೊನೆ ಹೊರಡಲು, ಎಲೆ ತಯಾರಿಸಿದ ಶಕ್ತಿಯನ್ನು ಜೀವಕೋಶಗಳು ಬಳಸಿಕೊಳ್ಳಲು ರಂಜಕ ಬೇಕು. ಆದರೆ ಅಡಿಕೆಗೆ ಬೇಕಾದ ಪ್ರಮಾಣ ಮೂರರಲ್ಲಿ ಅತಿ ಕಡಿಮೆ. ನಮ್ಮ ಜಂಬಿಟ್ಟಿಗೆ ಮಣ್ಣು ಕೆಂಪಾಗಿರುವುದು ಕಬ್ಬಿಣದಿಂದ. ಆ ಕಬ್ಬಿಣ ಮತ್ತು ಅಲ್ಯುಮಿನಿಯಂ ಹುಳಿ ಮಣ್ಣಲ್ಲಿ ಕರಗಿದ ರಂಜಕವನ್ನು ಹಿಡಿದು ಗಟ್ಟಿ ಮಾಡುತ್ತವೆ. ಡಿಎಪಿಯ ರಂಜಕ ನೀರಲ್ಲಿ ಕರಗುತ್ತದೆ ನಿಜ, ಆದರೆ ಕಾಳಿನಿಂದ ಹೊರಬಂದು ಅಷ್ಟು ದೂರ ಹೋಗುವಷ್ಟರಲ್ಲಿ ಬಹುಪಾಲು ಸಿಕ್ಕಿಬೀಳುತ್ತದೆ. ಅದಕ್ಕಾಗಿ ರಂಜಕವನ್ನು ಬೇರಿನ ಹತ್ತಿರವೇ, ಸಾಧ್ಯವಾದರೆ ಕೊಟ್ಟಿಗೆ ಗೊಬ್ಬರದ ಜೊತೆ ಹಾಕಬೇಕು. ಕೊಳೆಯುವ ಸೊಪ್ಪಿನಿಂದ ಬರುವ ಆಮ್ಲಗಳು ಕಬ್ಬಿಣದ ಹಿಡಿತವನ್ನು ಒಂದಿಷ್ಟು ಸಡಿಲಿಸುತ್ತವೆ.

ಹುಳಿ ಮಣ್ಣಿನಿಂದ ಒಂದು ಲಾಭವೂ ಇದೆ. ರಾಕ್ ಫಾಸ್ಫೇಟ್ ಎಂಬ ಕಲ್ಲಿನ ಪುಡಿ ಧಾರವಾಡದ ಕಡೆಯ ಕಪ್ಪು ಮಣ್ಣಲ್ಲಿ ಕರಗದೆ ಹಾಗೇ ಕೂತಿರುತ್ತದೆ. ಶಿರಸಿ, ಸಿದ್ದಾಪುರದ ಪಿಎಚ್ 5.5ರ ಸುತ್ತಲಿನ ಮಣ್ಣಲ್ಲಿ ಅದೇ ಪುಡಿ ನಿಧಾನ ಕರಗಿ ವರ್ಷವಿಡೀ ಸ್ವಲ್ಪ ಸ್ವಲ್ಪ ರಂಜಕ ಕೊಡುತ್ತದೆ. ಅಡಿಕೆಯಂಥ ಬಹುವರ್ಷದ ಮರಕ್ಕೆ ಅಷ್ಟು ಸಾಕು, ಅವಸರವಿಲ್ಲ.

ಪೊಟ್ಯಾಷ್ ಕೆಲಸ ಏನು? ಕಾಯಿ ದಪ್ಪ ಮಾಡುವುದಷ್ಟೇ?

ಸಾರಜನಕ, ರಂಜಕ ಎರಡೂ ಗಿಡದ ಮೈಯ ಭಾಗವೇ ಆಗಿಬಿಡುತ್ತವೆ. ಪೊಟ್ಯಾಸಿಯಂ ಹಾಗಲ್ಲ, ರಸದಲ್ಲಿ ಕರಗಿಯೇ ಓಡಾಡಿಕೊಂಡಿರುತ್ತದೆ. ಎಲೆಯ ಸೂಕ್ಷ್ಮ ರಂಧ್ರಗಳನ್ನು ತೆರೆದು ಮುಚ್ಚುವುದು, ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಅಡಿಕೆಯ ಗೊನೆಗೆ ಸಾಗಿಸುವುದು ಅದರ ಕೆಲಸ. ಕಾಯಿ ತುಂಬುವುದು ಆ ಸಾಗಣೆಯ ಫಲ. ಏಪ್ರಿಲ್ ಬಿಸಿಲಿಗೆ ಮರ ತಡೆದುಕೊಳ್ಳುವುದರಲ್ಲೂ ಪೊಟ್ಯಾಷಿನ ಪಾಲಿದೆ.

ಮಣ್ಣಲ್ಲಿ ಅದರ ನಡತೆ ಇವೆರಡರ ನಡುವಿನದು. ಜೇಡಿ ಕಣಕ್ಕೆ ಅಂಟುತ್ತದೆ, ಆದರೆ ನಮ್ಮ ಮಣ್ಣಿನ ಜೇಡಿಗೆ ಹಿಡಿದುಕೊಳ್ಳುವ ಶಕ್ತಿ ಕಡಿಮೆ. ಜಡಿಮಳೆಗೆ ಒಳ್ಳೇ ಪಾಲು ಇಳಿದು ಹೋಗುತ್ತದೆ. ಕೊನೆ ಕೊಯ್ದಾಗ ತೋಟದಿಂದ ಹೊರಹೋಗುವುದರಲ್ಲೂ ಪೊಟ್ಯಾಷಿನದು ದೊಡ್ಡ ಪಾಲು, ಅದರಲ್ಲಿ ಬಹಳಷ್ಟು ಸಿಪ್ಪೆಯಲ್ಲಿರುತ್ತದೆ. ಸುಲಿದ ಸಿಪ್ಪೆಯನ್ನು ರಸ್ತೆ ಬದಿಗೆ ರಾಶಿ ಹಾಕಿ ಮಳೆಗೆ ನೆನೆಯಲು ಬಿಡುವವರು ದುಡ್ಡು ಕೊಟ್ಟು ತಂದ ಪೊಟ್ಯಾಷನ್ನೇ ಚರಂಡಿಗೆ ಬಿಡುತ್ತಿದ್ದಾರೆ ಎಂದು ನನಗೆ ಅನ್ನಿಸುವುದುಂಟು. ಕೊಳೆಸಿ ತೋಟಕ್ಕೆ ತಿರುಗಿ ಹಾಕಬಹುದು. ಒಲೆಗೆ ಉರಿಸಿದರೆ ಬೂದಿಯಲ್ಲಿ ಪೊಟ್ಯಾಷ್ ಉಳಿಯುತ್ತದೆ, ಸಾರಜನಕ ಮಾತ್ರ ಹೊಗೆಯಾಗಿ ಹೋಗುತ್ತದೆ.

ಹಾಗಾದರೆ ಅಡಿಕೆಗೆ ಯಾವ ಅಂಕಿಯ ಚೀಲ ತರಬೇಕು?

ಚೀಲದಿಂದ ಶುರು ಮಾಡಬಾರದು, ಮರದಿಂದ ಶುರು ಮಾಡಬೇಕು. ಫಲ ಕೊಡುವ ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ತೋಟಗಾರಿಕೆಯವರ ಶಿಫಾರಸು. ಇದು 12 ಕೆಜಿ ಸೊಪ್ಪು, 12 ಕೆಜಿ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟಿನ ಜೊತೆಗೆ ಹೇಳಿದ್ದು. ನೆಟ್ಟ ಮೊದಲ ವರ್ಷ ಇದರ ಮೂರನೇ ಒಂದು ಭಾಗ, ಎರಡನೇ ವರ್ಷ ಮೂರನೇ ಎರಡು ಭಾಗ, ಮೂರನೇ ವರ್ಷದಿಂದ ಪೂರ್ತಿ.

ಈ ಮೂರರಲ್ಲಿ ಪೊಟ್ಯಾಷ್ ಹೆಚ್ಚು, ರಂಜಕ ಕಡಿಮೆ. ಇದೇ ಅನುಪಾತದ ಒಂಟಿ ಚೀಲ ಅಂಗಡಿಯಲ್ಲಿ ಹುಡುಕುವುದು ದಂಡ. ಬಿಡಿ ಗೊಬ್ಬರ ತಂದು ಕೂಡಿಸಿಕೊಳ್ಳುವುದೇ ಸುಲಭ.

ಸೋಂದಾ ಕಡೆಯ 300 ಮರದ ಒಂದು ತೋಟ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಬೇಕಾದದ್ದು 30 ಕೆಜಿ ಸಾರಜನಕ, 12 ಕೆಜಿ ರಂಜಕ, 42 ಕೆಜಿ ಪೊಟ್ಯಾಷ್. ಬೇಕಾದ ಕೆಜಿಯನ್ನು ಚೀಲದ ಅಂಕಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ತರಬೇಕಾದ ಗೊಬ್ಬರದ ತೂಕ ಸಿಗುತ್ತದೆ. 30 ಭಾಗಿಸು 46, ಗುಣಿಸು 100: ಯೂರಿಯಾ 65 ಕೆಜಿ. ಯೂರಿಯಾ ಚೀಲ ಈಗ 45 ಕೆಜಿಯದು, 50 ಅಲ್ಲ. ಹಾಗಾಗಿ ಇದು ಸುಮಾರು ಒಂದೂವರೆ ಚೀಲ. ರಾಕ್ ಫಾಸ್ಫೇಟಿನಲ್ಲಿ ರಂಜಕ ಸುಮಾರು 20 ಇದ್ದರೆ 60 ಕೆಜಿ. 42 ಭಾಗಿಸು 60, ಗುಣಿಸು 100: ಪೊಟ್ಯಾಷ್ ಗೊಬ್ಬರ 70 ಕೆಜಿ, 50 ಕೆಜಿ ಚೀಲದಲ್ಲಿ ಒಂದೂವರೆಗಿಂತ ತುಸು ಕಡಿಮೆ. ಮರವೊಂದಕ್ಕೆ ಯೂರಿಯಾ 217 ಗ್ರಾಂ, ರಾಕ್ ಫಾಸ್ಫೇಟ್ 200 ಗ್ರಾಂ, ಪೊಟ್ಯಾಷ್ 233 ಗ್ರಾಂ ಆಯಿತು.

ನಾವು ಮರಕ್ಕೆ ಅರ್ಧ ಕೆಜಿ 15-15-15 ಹಾಕುತ್ತ ಬಂದಿದ್ದೇವೆ. ಏನು ತೊಂದರೆ?

ಮೂರೂ ಸಮ ಇದೆ, ಯಾವುದಕ್ಕೂ ಕೊರತೆ ಆಗುವುದಿಲ್ಲ ಎಂಬ ಸಮಾಧಾನ ಇದರ ಹಿಂದಿದೆ. ಲೆಕ್ಕ ಬೇರೆ ಹೇಳುತ್ತದೆ. 500 ಗ್ರಾಂನಲ್ಲಿ ಮೂರೂ 75 ಗ್ರಾಂ. ಸಾರಜನಕ 25 ಗ್ರಾಂ ಕಡಿಮೆ ಬಿತ್ತು, ಪೊಟ್ಯಾಷ್ 65 ಗ್ರಾಂ ಕಡಿಮೆ ಬಿತ್ತು, ರಂಜಕ 35 ಗ್ರಾಂ ಹೆಚ್ಚಾಯಿತು. ಕಡಿಮೆ ಬಿದ್ದ ಎರಡೂ ಮಳೆಗೆ ತೊಳೆದು ಹೋಗುವಂಥವು. ಹೆಚ್ಚಾದದ್ದು ಮಾತ್ರ ಮಣ್ಣಲ್ಲೇ ಕೂರುವಂಥದ್ದು. ಹತ್ತು ವರ್ಷ ಹೀಗೆ ನಡೆದರೆ ಮರದ ಬುಡಕ್ಕೆ ಶಿಫಾರಸಿಗಿಂತ 350 ಗ್ರಾಂ ರಂಜಕ ಹೆಚ್ಚು ಬಿದ್ದಿರುತ್ತದೆ, ಅಂದರೆ ಎಂಟು ವರ್ಷದ ಪಾಲಿಗಿಂತ ಹೆಚ್ಚು. ಅತಿಯಾದ ರಂಜಕ ಇರುವ ಮಣ್ಣಲ್ಲಿ ಮರ ಸತುವನ್ನು ಸರಿಯಾಗಿ ತೆಗೆದುಕೊಳ್ಳುವುದಿಲ್ಲ. ಹೀಗೆ ವರ್ಷಾನುಗಟ್ಟಲೆ ಸಮಗೊಬ್ಬರ ಹಾಕಿದವರು ಮಣ್ಣು ಪರೀಕ್ಷೆ ಮಾಡಿಸಿ, ರಂಜಕ ‘ಹೆಚ್ಚು’ ಎಂದು ಬಂದರೆ ಒಂದೆರಡು ವರ್ಷ ಅದನ್ನು ಅರ್ಧಕ್ಕಿಳಿಸಲು ಹೆದರಬೇಕಿಲ್ಲ.

ಸೊಸೈಟಿಯಲ್ಲಿ ರಾಕ್ ಫಾಸ್ಫೇಟ್ ಇಲ್ಲ, 15-15-15 ಮಾತ್ರ ಇದೆ ಅಂದರೆ?

ಅದನ್ನೇ ತನ್ನಿ, ಆದರೆ ರಂಜಕದ ಪಾಲು ಮುಗಿಯುವಷ್ಟು ಮಾತ್ರ. ಅದೇ 300 ಮರಕ್ಕೆ 12 ಕೆಜಿ ರಂಜಕ ಬೇಕು, 15-15-15ರಲ್ಲಿ ಅದು 80 ಕೆಜಿಗೆ ಬಂತು. ಆ 80 ಕೆಜಿಯಲ್ಲೇ 12 ಕೆಜಿ ಸಾರಜನಕ, 12 ಕೆಜಿ ಪೊಟ್ಯಾಷ್ ಕೂಡ ಬಂದಾಯಿತು. ಉಳಿದ 18 ಕೆಜಿ ಸಾರಜನಕಕ್ಕೆ 39 ಕೆಜಿ ಯೂರಿಯಾ, ಉಳಿದ 30 ಕೆಜಿ ಪೊಟ್ಯಾಷಿಗೆ ಸರಿಯಾಗಿ ಒಂದು ಚೀಲ ಪೊಟ್ಯಾಷ್ ಗೊಬ್ಬರ. ಅರ್ಧ ಕೆಜಿ ಲೆಕ್ಕದಲ್ಲಿ ಮೂರು ಚೀಲ 15-15-15 ತರುತ್ತಿದ್ದವರಿಗೆ ಈಗ ಎರಡು ಚೀಲವೂ ಪೂರ್ತಿ ಬೇಡ.

10-26-26 ಸಿಕ್ಕಿದರೆ ಲೆಕ್ಕ ಇನ್ನೂ ಸುಲಭ. ಒಂದು ಚೀಲಕ್ಕೆ 13 ಕೆಜಿ ರಂಜಕ, ಅಲ್ಲಿಗೆ 300 ಮರದ ರಂಜಕ ಮುಗಿಯಿತು. ಜೊತೆಗೆ 54 ಕೆಜಿ ಯೂರಿಯಾ, ಸುಮಾರು ಒಂದು ಚೀಲ ಪೊಟ್ಯಾಷ್.

ಗ್ರಾಂ ಲೆಕ್ಕ ಹೇಳುತ್ತೀರಿ. ತೋಟದಲ್ಲಿ ತಕ್ಕಡಿ ಹಿಡಿದು ಓಡಾಡಲು ಆಗುತ್ತದೆಯೇ?

ಬೇಡ. ಗರಟೆಯನ್ನೋ ಹಳೇ ಲೋಟವನ್ನೋ ಒಮ್ಮೆ ತಕ್ಕಡಿಯಲ್ಲಿಟ್ಟು ತೂಗಿ, ಎಲ್ಲಿವರೆಗೆ ಬಂತು ಎಂದು ಗೆರೆ ಎಳೆದುಕೊಳ್ಳಿ. ಒಂದೊಂದು ಗೊಬ್ಬರಕ್ಕೂ ಬೇರೆ ಗೆರೆ ಬೇಕು. ಯೂರಿಯಾ ಹಗುರ, ಪೊಟ್ಯಾಷ್ ಅದಕ್ಕಿಂತ ಭಾರ, ರಾಕ್ ಫಾಸ್ಫೇಟ್ ಪುಡಿ ಇನ್ನೂ ಭಾರ. ಮೂರಕ್ಕೂ ಒಂದೇ ಗರಟೆ ತುಂಬ ಹಾಕಿಸಿದರೆ ಯೂರಿಯಾ ಕಡಿಮೆ ಬಿದ್ದು ಉಳಿದವು ಹೆಚ್ಚು ಬೀಳುತ್ತವೆ. ಕೆಲಸಕ್ಕೆ ಬಂದವರಿಗೆ ಮೊದಲ ಮರಕ್ಕೆ ನೀವೇ ಹಾಕಿ ತೋರಿಸಿದರೆ ಗಲಾಟೆಯಿಲ್ಲ.

ಯೂರಿಯಾ ಮತ್ತು ಪೊಟ್ಯಾಷನ್ನು ಬೆರೆಸಿ ಹಾಕಬಹುದು, ಆದರೆ ಬೆರೆಸಿದ ದಿನವೇ ಮುಗಿಸಬೇಕು. ರಾತ್ರಿ ಬಿಟ್ಟರೆ ನಮ್ಮ ಕಡೆಯ ತೇವದ ಗಾಳಿಗೆ ನೀರೊಡೆಯುತ್ತದೆ.

ಯಾವಾಗ, ಎಲ್ಲಿ ಹಾಕಬೇಕು?

ಎರಡು ಕಂತು. ಮೊದಲ ಕಂತು ಮುಂಗಾರಿಗೆ ಮೊದಲು ಬೀಳುವ ಅಡ್ಡಮಳೆಗೆ ಮಣ್ಣು ಹಸಿಯಾದಾಗ, ಎರಡನೆಯದು ಮಳೆಯ ಆರ್ಭಟ ಇಳಿದ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ. ಬೇಸಿಗೆಯಲ್ಲಿ ನೀರು ಬಿಡುವ ತೋಟವಾದರೆ ಮೊದಲ ಕಂತನ್ನು ಫೆಬ್ರವರಿಯಲ್ಲೇ ಕೊಡಬಹುದು. ಯೂರಿಯಾ, ಪೊಟ್ಯಾಷ್ ಎರಡನ್ನೂ ಭಾಗ ಮಾಡಲೇಬೇಕು, ಏಕೆಂದರೆ ಎರಡೂ ತೊಳೆದು ಹೋಗುತ್ತವೆ. ರಾಕ್ ಫಾಸ್ಫೇಟನ್ನು ಒಂದೇ ಸಲ ಕೊಟ್ಟರೂ ನಷ್ಟವಿಲ್ಲ.

ಬುಡಕ್ಕೆ ತಾಗಿಸಿ ಸುರಿಯಬಾರದು. ಆಹಾರ ಹೀರುವ ಎಳೆ ಬೇರುಗಳು ಬುಡದಿಂದ ಎರಡು-ಮೂರು ಅಡಿ ದೂರದವರೆಗೆ ಸುತ್ತಲೂ ಮೇಲ್ಮಣ್ಣಲ್ಲಿ ಹರಡಿರುತ್ತವೆ. ಅಕ್ಟೋಬರಿನಲ್ಲಿ ಆ ವೃತ್ತದಲ್ಲಿ ತೆಳುವಾಗಿ ಮಣ್ಣು ಬಿಡಿಸಿ ಗೊಬ್ಬರ ಹಾಕಿ, ಮೇಲೆ ಕೊಟ್ಟಿಗೆ ಗೊಬ್ಬರ, ಸೊಪ್ಪು ಹರಡಿ ಮಣ್ಣು ಮುಚ್ಚುವುದು ಸರಿಯಾದ ಕ್ರಮ. ದರಕಿದ್ದರೆ ಸರಿಸಿ, ಮಣ್ಣಿಗೆ ಹಾಕಿ, ಮತ್ತೆ ಎಳೆಯಿರಿ.

ಸೋಗೆ ಹಳದಿ ತಿರುಗಿದೆ. ಯೂರಿಯಾ ಹಾಕಲೇ?

ಮೊದಲು ಯಾವ ಸೋಗೆ, ಎಲೆಯ ಯಾವ ಭಾಗ ಎಂದು ನೋಡಿ. ಕೊರತೆಯಾದಾಗ ಮರ ಹಳೇ ಎಲೆಯಿಂದ ಪೋಷಕಾಂಶ ಕಿತ್ತು ಹೊಸ ಎಲೆಗೆ ಕೊಡುತ್ತದೆ. ಹಾಗಾಗಿ ಮೂರರಲ್ಲಿ ಯಾವುದು ಕಡಿಮೆಯಾದರೂ ಕೆಳಗಿನ ಸೋಗೆಯೇ ಮೊದಲು ಹೇಳುವುದು. ಕೆಳಗಿನ ಸೋಗೆ ಇಡಿಯಾಗಿ ಒಂದೇ ಸಮ ಬಿಳಿಚಿಕೊಂಡರೆ ಸಾರಜನಕದ ಕೊರತೆ ಇರಬಹುದು. ತುದಿ ಮತ್ತು ಅಂಚಿನಿಂದ ಹಳದಿಯಾಗಿ ಒಣಗುತ್ತ ಬಂದು ನಡುವೆ ಹಸಿರು ಉಳಿದಿದ್ದರೆ ಪೊಟ್ಯಾಷ್ ಕಡೆ ನೋಡಿ. ರಂಜಕದ ಕೊರತೆ ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ, ಮರ ಕುಗ್ಗಿದಂತೆ ಬೆಳೆಯುತ್ತದೆ ಅಷ್ಟೇ.

ನೀರು ನಿಂತು ಬೇರು ಕೊಳೆತರೂ ಸೋಗೆ ಹಳದಿಯಾಗುತ್ತದೆ. ಫೈಟೋಪ್ಲಾಸ್ಮಾದಿಂದ ಬರುವ ಹಳದಿ ಎಲೆ ರೋಗವೂ ಇದೆ, ಅದಕ್ಕೆ ಯಾವ ಅಂಕಿಯ ಗೊಬ್ಬರವೂ ಮದ್ದಲ್ಲ. ತೋಟದ ತಗ್ಗಿನ ಸಾಲಿನ ಮರಗಳಷ್ಟೇ ಹಳದಿಯಾಗಿದ್ದರೆ ಮೊದಲ ಗುಮಾನಿ ಬಸಿಗಾಲುವೆಯ ಮೇಲೆ ಇರಲಿ.

ಬೆಟ್ಟದ ಸೊಪ್ಪು, ಕೊಟ್ಟಿಗೆ ಗೊಬ್ಬರ ಧಾರಾಳ ಹಾಕುತ್ತೇವೆ. ಸರ್ಕಾರಿ ಗೊಬ್ಬರ ಬೇಕೇ?

ಕೊಟ್ಟಿಗೆ ಗೊಬ್ಬರಕ್ಕೂ ಮೂರು ಅಂಕಿ ಇವೆ, ಚೀಲವಿಲ್ಲ ಅಷ್ಟೇ. ಒಳ್ಳೇ ಗೊಬ್ಬರ ಹೆಚ್ಚುಕಡಿಮೆ 0.5-0.2-0.5. ಮರಕ್ಕೆ 12 ಕೆಜಿ ಎಂದರೆ 60 ಗ್ರಾಂ ಸಾರಜನಕ, 24 ಗ್ರಾಂ ರಂಜಕ, 60 ಗ್ರಾಂ ಪೊಟ್ಯಾಷ್. ಸಾರಜನಕ ಅದೇ ವರ್ಷ ಪೂರ್ತಿ ಬಿಡುಗಡೆಯಾಗುವುದಿಲ್ಲ, ಆದರೆ ವರ್ಷಾ ವರ್ಷ ಹಾಕುವ ತೋಟದಲ್ಲಿ ಹಿಂದಿನ ವರ್ಷಗಳ ಬಾಕಿಯೂ ಸಿಗುತ್ತಿರುತ್ತದೆ. ಘಟ್ಟದ ಮೇಲೆ ಒಂದು ಎಕರೆ ಭಾಗಾಯ್ತಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟದ್ದು ಸುಮ್ಮನೆ ಅಲ್ಲ. ಅಷ್ಟು ಕಾಡಿನ ಪೋಷಕಾಂಶ ಒಂದು ಎಕರೆಗೆ ಬರುತ್ತಿತ್ತು.

ಈಗ ಎಷ್ಟು ಬರುತ್ತಿದೆ ಎಂಬುದರ ಮೇಲೆ ಉತ್ತರ ನಿಂತಿದೆ. ದನ ಕಡಿಮೆಯಾದ ಮನೆಯಲ್ಲಿ ‘ಗೊಬ್ಬರ ಹಾಕುತ್ತೇವೆ’ ಎಂದರೆ ಮೂರು ವರ್ಷಕ್ಕೊಮ್ಮೆ ಎಂದೂ ಇರಬಹುದು. ನಿಜವಾಗಿ ಪ್ರತಿ ವರ್ಷ ಬುಟ್ಟಿ ತುಂಬ ಬೀಳುವ ತೋಟದಲ್ಲಿ ಯೂರಿಯಾ, ರಾಕ್ ಫಾಸ್ಫೇಟ್ ಅರ್ಧಕ್ಕಿಳಿಸಬಹುದು ಎಂಬುದು ನನ್ನ ಅಭಿಪ್ರಾಯ. ಪೊಟ್ಯಾಷನ್ನು ಮಾತ್ರ ಮಣ್ಣು ಪರೀಕ್ಷೆ ನೋಡದೆ ಕಡಿಮೆ ಮಾಡಬೇಡಿ.

ಸುಣ್ಣ ಹಾಕುವುದಿದೆ. ಜೊತೆಗೇ ಗೊಬ್ಬರ ಹಾಕಿಬಿಡಲೇ?

ಬೇಡ. ಸುಣ್ಣ ತಾಗಿದ ಯೂರಿಯಾ ಅಮೋನಿಯಾ ಬಿಡುತ್ತದೆ, ಮೂಗಿಗೇ ಗೊತ್ತಾಗುತ್ತದೆ. ರಾಕ್ ಫಾಸ್ಫೇಟಿಗೆ ಕರಗಲು ಹುಳಿ ಬೇಕು, ಸುಣ್ಣ ಆ ಹುಳಿಯನ್ನೇ ತೆಗೆಯುತ್ತದೆ. ಎರಡರ ನಡುವೆ ಮೂರು ವಾರದ ಅಂತರವಾದರೂ ಇರಲಿ. ಯೂರಿಯಾ ವರ್ಷಗಟ್ಟಲೆ ಹಾಕಿದ ಮಣ್ಣು ಇನ್ನಷ್ಟು ಹುಳಿಯಾಗುತ್ತದೆ, ಆದ್ದರಿಂದ ಸುಣ್ಣದ ಪ್ರಮಾಣವನ್ನು ಪಿಎಚ್ ನೋಡಿಯೇ ನಿರ್ಧರಿಸಬೇಕು.

ಕೆಂಪು ಪೊಟ್ಯಾಷ್ ಒಳ್ಳೆಯದೋ, ಬಿಳಿಯದೋ?

ಅಂಕಿ 60 ಇದ್ದರೆ ಎರಡೂ ಒಂದೇ. ಕೆಂಪು ಬಣ್ಣ ಗಣಿಯಿಂದ ಬಂದ ಸ್ವಲ್ಪ ಕಬ್ಬಿಣದ್ದು.

ಕಾರವಾರ, ಅಂಕೋಲಾ ಕಡೆಯ ಉಸುಕು ಮಣ್ಣಿನ ತೆಂಗಿಗೂ ಇದೇ ಲೆಕ್ಕವೇ?

ವಿಧಾನ ಅದೇ, ಅಂಕಿ ಬೇರೆ. ಫಲ ಕೊಡುವ ತೆಂಗಿಗೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್. ಅಂದರೆ ಯೂರಿಯಾ 1.1 ಕೆಜಿ, ಪೊಟ್ಯಾಷ್ ಗೊಬ್ಬರ 2 ಕೆಜಿ. ಉಸುಕಿನಲ್ಲಿ ಪೊಟ್ಯಾಷ್ ಹಿಡಿದುಕೊಳ್ಳಲು ಜೇಡಿಯೇ ಇಲ್ಲ, ಮಳೆ ಶಿರಸಿಗಿಂತಲೂ ಹೆಚ್ಚು. ಎರಡು ಕಂತಿನ ಬದಲು ಮೂರ್ನಾಲ್ಕು ಕಂತು ಮಾಡಿದರೆ ಅದೇ 2 ಕೆಜಿಯಲ್ಲಿ ಹೆಚ್ಚು ಪಾಲು ಮರಕ್ಕೆ ಸಿಗುತ್ತದೆ.

19-19-19 ಎಂಬ ಸಣ್ಣ ಪ್ಯಾಕೆಟ್ ಬಹಳ ದುಬಾರಿ. 15-15-15ಕ್ಕಿಂತ ಅಷ್ಟು ಶಕ್ತಿಯೇ?

ನೂರು ಕೆಜಿಯಲ್ಲಿ ಒಂದೊಂದು ಪೋಷಕಾಂಶವೂ ನಾಲ್ಕು ಕೆಜಿ ಮಾತ್ರ ಹೆಚ್ಚು. ದರ ಹೆಚ್ಚಿರುವುದು ಅದು ನೀರಲ್ಲಿ ಪೂರ್ತಿ ಕರಗುತ್ತದೆ ಎಂಬುದಕ್ಕೆ. ಹನಿ ನೀರಾವರಿಯ ಪೈಪಿನಲ್ಲಿ ಬಿಡಲು, ಎಲೆಗೆ ಸಿಂಪಡಿಸಲು ಅದು ಸರಿ. ಮಣ್ಣಿಗೆ ಎರಚಲು ಅದನ್ನು ಕೊಳ್ಳುವುದು ದುಡ್ಡು ದಂಡ.